ಪ್ರಜ್ಞಾ ಬಿಡಿಸಿ ನೋಡಿದ ಕಾಂಬೋ

ಯಗಟಿಯ ತಿಪ್ಪಮ್ಮ ಕುರಿಗಳನ್ನು ಗುಂಪಾಗಿ ಕೊಳ್ಳುವಾಗ ತಲೆ ಎಣಿಸುತ್ತಿರಲಿಲ್ಲ. ಒಂದೊಂದರ ಬೆನ್ನು ಮುಟ್ಟಿ, "ಇದೊಂದನ್ನೇ ಮಾರಿದ್ರೆ ನಾನ್ ತಗೋತಿದ್ನಾ?" ಎನ್ನುತ್ತಿದ್ದಳು. ಅವಳ ಮಗಳು ಪ್ರಜ್ಞಾ ಏಳನೆಯ ತರಗತಿಯಲ್ಲಿ ನನ್ನ ಶಿಷ್ಯೆ. ಲೆಕ್ಕದಲ್ಲಿ ನನ್ನ ತಪ್ಪನ್ನೂ ಎದ್ದು ನಿಂತು ಹೇಳುತ್ತಿದ್ದ ಹುಡುಗಿ.

ಈಗ ಅವಳಿಗೆ ಕಡೂರಿನ ಕಾಲೇಜಿನೆದುರು ಜೆರಾಕ್ಸ್ ಅಂಗಡಿಯಿದೆ. ಹಿಂದಿನ ಕೋಣೆಯಲ್ಲಿ ಟಿವಿಗೆ ಜೋಡಿಸಿ ಆಡುವ ಒಂದು ಗೇಮ್ ಕನ್ಸೋಲ್ ಇಟ್ಟು, ಅರ್ಧ ಗಂಟೆಗೆ ಇಷ್ಟೆಂದು ಆಡಿಸಬೇಕೆಂಬುದು ಅವಳ ಹಟ. ಕೂಡಿಟ್ಟದ್ದು ಅರವತ್ತು ಸಾವಿರ. ಸಾಲ ಮಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದಳು. ಅವಳು ಕರೆದಳೆಂದು ನಾನೂ ಜೊತೆಗೆ ಹೋದೆ.

ಎಲೆಕ್ಟ್ರಾನಿಕ್ಸ್ ಅಂಗಡಿಯ ರುದ್ರಮೂರ್ತಿ ದೊಡ್ಡ ಪೆಟ್ಟಿಗೆ ತೋರಿಸಿದರು. "ಕಾಂಬೋ ಕಣವ್ವ. ಕನ್ಸೋಲ್ ಐವತ್ತು ಸಾವಿರ, ಎರಡು ಗೇಮ್ ಹತ್ತು, ಇನ್ನೊಂದು ಕಂಟ್ರೋಲರ್ ಆರು, ಹಾರ್ಡ್ ಡಿಸ್ಕ್ ಐದು. ಎಪ್ಪತ್ತೊಂದರ ಮಾಲು ಅರವತ್ತನಾಲ್ಕಕ್ಕೆ! ಕಮ್ಮಿ ಬಿದ್ದದ್ದಕ್ಕೆ ಕಂತು ಮಾಡ್ಕೊಡ್ತೀನಿ."

"ಒಂದೊಂದೇ ಹೇಳಿ ರುದ್ರಣ್ಣ. ಈ ಮೊದಲ್ನೇ ಗೇಮು ಎಷ್ಟು ಜನ ಆಡೋದು?"

"ಒಬ್ರೇ. ಕಥೆ ಇರೋದು, ನಲವತ್ತು ಗಂಟೆ!"

"ನಮ್ಮಲ್ಲಿ ಬರೋರು ಜೋಡಿ, ಕೂರೋದು ಅರ್ಧ ಗಂಟೆ. ಇದು ಬೇಡ. ಎರಡನೇದು ಫುಟ್‌ಬಾಲು. ಡಿಸ್ಕಾ, ಕೋಡಾ?"

"ಕೋಡು. ಡೌನ್‌ಲೋಡ್ ಮಾಡ್ಕೊಬೇಕು."

"ಕೋಡನ್ನ ಹಳೇದಾದ್ಮೇಲೆ ಮಾರೋಕಾಗಲ್ಲ. ಬೀರೂರಲ್ಲಿ ಒಬ್ಬ ಹುಡುಗ ಇದೇ ಆಟದ ಹಳೇ ಡಿಸ್ಕ್ ಎರಡು ಸಾವಿರಕ್ಕೆ ಕೊಡ್ತಾನೆ. ಜೋಡಿ ಆಡೋಕೆ ಇನ್ನೊಂದು ಕಂಟ್ರೋಲರ್ ಮಾತ್ರ ಬೇಕೇ ಬೇಕು."

ರುದ್ರಮೂರ್ತಿ ನಕ್ಕರು. "ಹಾರ್ಡ್ ಡಿಸ್ಕ್? ಜಾಗ ತುಂಬ್ಹೋದಾಗ ಅಳ್ತೀಯ. ಕುರಿ ಸಾಕೋರಿಗೆ ಇದೆಲ್ಲ ಎಲ್ಲಿ ತಿಳೀಬೇಕು!"

ನನಗೆ ಮೈಯುರಿಯಿತು. ಪ್ರಜ್ಞಾ ಮಾತ್ರ ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಮ ಶೋಕೇಸಿನ ಕನ್ಸೋಲಿಗೂ ಅಂಥದ್ದೇ ಹಾರ್ಡ್ ಡಿಸ್ಕ್ ಚುಚ್ಚಿದೀರಲ್ಲ. ಕನ್ಸೋಲಿನ ಒಳಗಿರೋ ಫುಟ್‌ಬಾಲನ್ನ ಅದಕ್ಕೆ ಸರಿಸಿ, ಅಲ್ಲಿಂದ್ಲೇ ಆಡಿಸಿ ತೋರ್ಸಿ."

ಸರಿಸುವಷ್ಟರಲ್ಲಿ ಅವರು ತರಿಸಿದ ಚಹಾ ಮುಗಿದಿತ್ತು. ರುದ್ರಮೂರ್ತಿ ಗುಂಡಿ ಒತ್ತಿದರು. ಆಟ ತೆರೆಯಲಿಲ್ಲ. ಮೊದಲು ಕನ್ಸೋಲಿನ ಒಳಗಿನ ಮೆಮೊರಿಗೆ ನಕಲು ಮಾಡಿಕೊಳ್ಳಿ ಎಂಬ ಸೂಚನೆ ಪರದೆಯ ಮೇಲೆ ಬಂತು.

"ಹೊಸ ಕನ್ಸೋಲಿನ ಆಟಗಳನ್ನ ಇದರಲ್ಲಿ ಇಡಬಹುದು, ಆಡೋಕಾಗಲ್ಲ," ಎಂದಳು ಪ್ರಜ್ಞಾ. "ಹಳೇ ಕನ್ಸೋಲಿನ ಆಟ ಮಾತ್ರ ಇದರಿಂದ್ಲೇ ನಡೀತವೆ. ನನ್ನ ಎರಡ್ಮೂರು ಆಟಕ್ಕೆ ಒಳಗಿನ ಜಾಗವೇ ಸಾಕು. ಕನ್ಸೋಲ್ ಐವತ್ತು, ಕಂಟ್ರೋಲರ್ ಆರು, ಹಳೇ ಡಿಸ್ಕ್ ಎರಡು: ಐವತ್ತೆಂಟು. ನೀವು ಉಳಿಸ್ತೀನಿ ಅಂದ ಏಳು ಸಾವಿರ, ನನಗೆ ಬೇಡದ ಸಾಮಾನು ಕೊಂಡ್ರೆ ಮಾತ್ರ ಉಳಿಯೋದು."

"ಬರೀ ಕನ್ಸೋಲ್ ಸ್ಟಾಕಿಲ್ಲ," ಎಂದರು ರುದ್ರಮೂರ್ತಿ.

"ಏಳಿ ಮೇಷ್ಟ್ರೇ, ತರೀಕೆರೇಲೇ ತಗೊಳ್ಳೋಣ, ಬಸ್ಸಿಗೆ ಹೊತ್ತಾಯ್ತು."

ನಾವು ಮೆಟ್ಟಿಲಿಳಿಯುವ ಮೊದಲೇ ಒಳಗಿನಿಂದ ಸಣ್ಣ ಪೆಟ್ಟಿಗೆಯೊಂದು ಬಂತು. ಡಿಸ್ಕ್ ಹಾಕುವ ಕಿಂಡಿ ಇರುವ ಕನ್ಸೋಲೇ ಹೌದೇ ಎಂದು ಅವಳು ಪೆಟ್ಟಿಗೆಯ ಮೇಲಿನ ಬರಹವನ್ನು ಎರಡು ಸಲ ಓದಿದಳು. ಆಮೇಲೆ ಹಣ ತೆಗೆದಳು.

"ಬಿಲ್ಲು ಯಾರ ಹೆಸರಿಗೆ?" ರುದ್ರಮೂರ್ತಿ ತಲೆಯೆತ್ತದೆ ಕೇಳಿದರು.

"ಪ್ರಜ್ಞಾ, ತಿಪ್ಪಮ್ಮನ ಮಗಳು, ಯಗಟಿ. ಕುರಿ ಸಾಕೋರು ಅಂತ್ಲೂ ಬರೀರಿ."

ಅವರು ಬರೆಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.