ಸಾಣಿಗೆ ತರಲು ಎದ್ದು ಹೋದವಳು

ನನಗೆ ಹಾಡಲು ಬರುವುದಿಲ್ಲ. ಆ ರಾತ್ರಿ ಮಾಡಿದ್ದೂ ಹಾಡಲ್ಲ, ಗೊಣಗಾಟ. ಆದರೂ ಅದರ ಹುಳ ತಲೆಯಿಂದ ಇಳಿದಿಲ್ಲ.

ವಿಜಯಪುರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ವಯಸ್ಸಾಯಿತು, ಹಗಲು ಪಾಳಿ ಕೊಡಿ ಎಂದು ಕೇಳಿ ಕೇಳಿ ಬಾಯಿ ಸೋತು ಈಗ ರಾತ್ರಿ ಪಾಳಿಯನ್ನೇ ನನ್ನ ಆಸ್ತಿ ಅಂದುಕೊಂಡಿದ್ದೇನೆ. ಮೂರನೇ ಬೆಡ್ಡಿನಲ್ಲಿ ಹೊನವಾಡದ ಒಬ್ಬ ಅಜ್ಜಿ ಇದ್ದಳು. ಜೀವನವಿಡೀ ಒಲೆಯ ಹೊಗೆ ಕುಡಿದ ಶ್ವಾಸಕೋಶ. ಹೊನವಾಡ ನನ್ನ ಅವ್ವನ ತವರೂರು. ಅಷ್ಟು ತಿಳಿದದ್ದೇ ಅಜ್ಜಿ ನನ್ನನ್ನು "ನಮ್ಮೂರ ಮಗಳ" ಎಂದು ಕರೆಯತೊಡಗಿದ್ದಳು, ನನಗೂ ಆ ಬೆಡ್ಡಿನ ಕಡೆ ಕಾಲು ಹೆಚ್ಚು ಎಳೆಯುತ್ತಿತ್ತು.

ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ, ಉಸಿರನ್ನು ಒತ್ತಡದಿಂದ ಒಳಗೆ ತಳ್ಳುವ ಬೈಪ್ಯಾಪ್ ಯಂತ್ರ ಹಾಕಿದ್ದೆವು. ಅದನ್ನು ತೆಗೆಯುವಂತಿಲ್ಲ. ಅದೂ ಸಾಲದಾದರೆ ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರಿಗೆ ಹಾಕಬೇಕು. ವೆಂಟಿಲೇಟರ್ ಒಂದೂ ಖಾಲಿ ಇರಲಿಲ್ಲ. "ನೋಡೋಣ, ಬೆಳಗಾಗಲಿ" ಎಂದು ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದರು. ಮಗಳು ಸೊಲ್ಲಾಪುರದಿಂದ ಹೊರಟಿದ್ದಳು, ನಸುಕಿನಲ್ಲಿ ಮುಟ್ಟುತ್ತೇನೆ ಎಂದು ಫೋನು ಮಾಡಿದ್ದಳು. ಅಲ್ಲಿಯವರೆಗೆ ಅಜ್ಜಿಯ ಮಾಸ್ಕು ಕಳಚದಂತೆ ಕಾಯುವುದೇ ನನ್ನ ಕೆಲಸ.

ಅಜ್ಜಿಗೆ ಅದು ಉಸಿರು ಕಟ್ಟಿಸುವ ಚೀಲ ಅನ್ನಿಸಿರಬೇಕು. ಹತ್ತು ನಿಮಿಷಕ್ಕೊಮ್ಮೆ ಕೈ ಮಾಸ್ಕಿಗೆ ಹೋಗುತ್ತಿತ್ತು. ಅವಳ ಉಸಿರೊಂದು ಕಡೆ, ಯಂತ್ರದ ಉಸಿರೊಂದು ಕಡೆ. ನಿಮಿಷಕ್ಕೆ ಮೂವತ್ತನಾಲ್ಕು ಉಸಿರು. ಪಟ್ಟಿ ಸಡಿಲಿಸಿ ಮತ್ತೆ ಬಿಗಿದೆ, ಮೂಗಿನ ಮೇಲೆ ಚರ್ಮ ಸುಲಿದ ಕಡೆ ಬ್ಯಾಂಡೇಜು ಹಚ್ಚಿದೆ. ಕೊನೆಗೆ ಅವಳ ಕೈ ನನ್ನ ಕೈಯಲ್ಲಿ ಹಿಡಿದುಕೊಂಡು ಕೂತೆ. ಇನ್ನೊಂದು ಕೈಯಿಂದ ಹಣೆಯ ಬೆವರು ಒರೆಸುವಾಗ, ಎಲ್ಲಿತ್ತೋ ಏನೋ, ಎರಡು ಸಾಲು ಬಾಯಿಗೆ ಬಂದವು:

ಜ್ವಾಳದ ಬಿಳಿ ಕಾಳು ಕಲ್ಲಾಗ ಇಳಿದಾವ
ಬಾಳಿದ ಗೆಳತಿ ಬೆವರೊರಸ, ನನ್ನವ್ವ

ಮುಂದಿನದು ಬರಲಿಲ್ಲ. ಬಂದದ್ದನ್ನೇ ತಿರುಗಿಸಿದೆ, ಬೆವರೊರಸ ನನ್ನವ್ವ, ಬೆವರೊರಸ ನನ್ನವ್ವ. ಅಜ್ಜಿ ಕಣ್ಣು ತೆರೆದು ನನ್ನನ್ನೇ ನೋಡಿದಳು. ಹಿಡಿತ ಬಿಗಿಯಾಯಿತು. ಉಸಿರು ಆ ಲಯಕ್ಕೆ ಬಂತು. ಮೂವತ್ತು, ಇಪ್ಪತ್ತಾರು. ಯಾವ ಔಷಧಿಯೂ ಮಾಡದ್ದನ್ನು ನನ್ನ ಗೊಗ್ಗರು ದನಿ ಮಾಡಿತಲ್ಲ ಎಂದು ಒಳಗೊಳಗೇ ಬೀಗಿದೆ.

ಆಗ ಮಾಸ್ಕಿನೊಳಗೆ ಅವಳ ತುಟಿ ಅಲ್ಲಾಡಿತು. ಏನೋ ಹೇಳುತ್ತಿದ್ದಳು. ಯಂತ್ರದ ಗಾಳಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. "ಮಾತಾಡಬ್ಯಾಡ್ರಿ ಅಜ್ಜಿ, ಗಾಳಿ ಸೋರತೈತಿ" ಎಂದೆ. ಎಲ್ಲ ರೋಗಿಗಳಿಗೂ ಹೇಳುವ ಮಾತು. ಅವಳು ಸುಮ್ಮನಾದಳು. ನನ್ನ ಕೈ ಬಿಟ್ಟಳು.

ಜಾರಿ ಬಿದ್ದ ಕೈಯಲ್ಲ, ಬೆರಳು ಬಿಡಿಸಿ ಬಿಟ್ಟ ಕೈ. ನಿದ್ದೆ ಹತ್ತಿತು ಎಂದುಕೊಂಡು ನಾನು ಐದನೇ ಬೆಡ್ಡಿನ ಸಲೈನ್ ನೋಡಲು ಹೋದೆ. ಇಂಥ ರೋಗಿ ಒಮ್ಮೆಲೇ ಶಾಂತವಾದರೆ ಹಿಗ್ಗಬಾರದು, ಹೊರಹೋಗದ ಕೆಟ್ಟ ಗಾಳಿ ರಕ್ತದಲ್ಲಿ ಏರಿ ಮಂಪರು ಬಂದಿರಬಹುದು ಎಂದು ಹೊಸ ಹುಡುಗಿಯರಿಗೆ ಪಾಠ ಹೇಳುವವಳು ನಾನೇ. ಮರಳಿ ಬಂದು ಭುಜ ಅಲುಗಿಸಿದರೆ ಅಜ್ಜಿ ಏಳಲಿಲ್ಲ. ಡಾಕ್ಟರು ಓಡಿ ಬಂದರು, ರಕ್ತ ತೆಗೆದು ನೋಡಿದರೆ ಹಾಗೇ ಆಗಿತ್ತು. ಯಂತ್ರದ ಒತ್ತಡ ಏರಿಸಿದರು. ವೆಂಟಿಲೇಟರಿಗಾಗಿ ಬೇರೆ ಆಸ್ಪತ್ರೆಗಳಿಗೆ ಫೋನು ಹೋಯಿತು. ನಾನು ಅವಳ ಪಕ್ಕದಲ್ಲಿ ನಿಂತು ಮಾನಿಟರಿನ ಅಂಕಿಗಳು ಇಳಿಯುವುದನ್ನು ನೋಡುತ್ತಿದ್ದೆ. ಅಷ್ಟೇ, ನೋಡುತ್ತಿದ್ದೆ.

ಮಗಳು ಬಂದದ್ದು ಅಜ್ಜಿ ಹೋಗಿ ಒಂದು ತಾಸಾದ ಮೇಲೆ. ಅತ್ತಳು, ಆಮೇಲೆ ನನ್ನ ಹತ್ತಿರ ಬಂದಳು. "ಕಡೀಕ ನಮ್ಮವ್ವ ಏನಂದ್ಲರೀ?"

"ಏನೂ ಅನ್ಲಿಲ್ರಿ. ಮಲಗಿದ್ರು" ಎಂದೆ.

ಸುಳ್ಳು ಹೇಳಿದೆನೋ ನಿಜವೋ ನನಗೇ ಗೊತ್ತಿರಲಿಲ್ಲ. ನಾನು ಐದು ಹತ್ತು ನಿಮಿಷ ಮೊದಲೇ ನೋಡಿದ್ದರೂ ಏನೂ ಫರಕು ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ನಂಬಿದ್ದೇನೆ. ಆದರೆ ಆ ತುಟಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ಪದದ, ಆ ಹಾಡಿನ, ಉಳಿದ ಸಾಲು ಸಿಕ್ಕರೆ ಅವಳು ಅಂದದ್ದೂ ಸಿಕ್ಕೀತು ಎಂಬ ಹಟ ಹಿಡಿಯಿತು.

ಫೋನಿನಲ್ಲಿ ಎರಡೂ ಸಾಲು ಹಾಕಿ ಹುಡುಕಿದೆ. ಜೋಳದ ರೇಟು ತೋರಿಸಿತು. ಗ್ರಂಥಾಲಯದಲ್ಲಿ ಜನಪದ ಹಾಡಿನ ದಪ್ಪ ಪುಸ್ತಕಗಳ ಹಿಂದೆ ಮೊದಲ ಸಾಲಿನ ಪಟ್ಟಿ ಇರುತ್ತದೆ, 'ಜ್ವಾ'ದಲ್ಲೂ 'ಜೋ'ದಲ್ಲೂ ಬೆರಳಿಟ್ಟು ಇಳಿದೆ. ಇಲ್ಲ. ಅವ್ವನ ಬಾಯಲ್ಲಿ ಕೇಳಿದ್ದು ಎಂದು ಎರಡೂ ಸಾಲು ಅಂದದ್ದಕ್ಕೆ ಅಲ್ಲೇ ಪೇಪರು ಓದುತ್ತಿದ್ದ ನಿವೃತ್ತ ಕನ್ನಡ ಮಾಸ್ತರೊಬ್ಬರು ನಕ್ಕರು. "ಇದು ತ್ರಿಪದಿರಿ, ಮೂರು ಸಾಲಿಂದು. ಎರಡನೇ ಸಾಲು ತಿರುಗಿ ಹಾಡಿ ಮೂರನೇದಕ್ಕ ಇಳೀತಾರ. ನೀವು ಅಲ್ಲೇ ಗಿರಕಿ ಹೊಡ್ಯಾಕತ್ತೀರಿ. ಮೊದಲ ಸಾಲು ಊರಿಗೊಂದು ಥರಾ ಬದಲಾಗತೈತಿ, ಪಟ್ಟೀಯೊಳಗ ಸಿಗೂದಿಲ್ಲ. ಇದು ಬೀಸೂ ಪದ. ನಿಮ್ಮವ್ವನ ಎದುರಿಗೆ ಬೀಸೂ ಕಲ್ಲಿಗೆ ಯಾರು ಕೂಡ್ತಿದ್ರು, ಅವರನ್ನ ಕೇಳ್ರಿ."

ಎದುರಿಗೆ ಕೂಡುತ್ತಿದ್ದವಳು ನನ್ನ ಸ್ವಾದರತ್ತಿ, ಅಪ್ಪನ ತಂಗಿ. ಬಬಲೇಶ್ವರದ ನಮ್ಮ ಮನೆಯಲ್ಲಿ ಅವ್ವ, ಅತ್ತಿ ಇಬ್ಬರೂ ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು, ಕರೆಂಟು ಬರುವುದು ಅದರ ಮರ್ಜಿ. ನಾನು ಅವ್ವನ ತೊಡೆಯ ಮೇಲೆ ತಲೆ ಇಟ್ಟಿರುತ್ತಿದ್ದೆ. ಈ ಪದ ಬಂದಾಗಲೆಲ್ಲ ಅವ್ವ ಬೆನ್ನಿಗೊಂದು ಏಟು ಕೊಟ್ಟು "ಏಳ, ಸಾಣಗಿ ತಾ" ಅನ್ನುತ್ತಿದ್ದಳು. ನಾನು ಹಿಟ್ಟಿನ ಸಾಣಿಗೆ ತರಲು ಅಡುಗೆಮನೆಗೆ ಓಡುತ್ತಿದ್ದೆ. ಬರುವಷ್ಟರಲ್ಲಿ ಕಲ್ಲು ನಿಂತಿರುತ್ತಿತ್ತು. ಮೂರನೇ ಸಾಲು ನನಗೆ ಯಾವತ್ತೂ ಸಿಗಲೇ ಇಲ್ಲ. ಅವ್ವ ತೀರಿ ಬಹಳ ವರ್ಷವಾಯಿತು.

ಅತ್ತಿ ಇರುವುದು ಕಳ್ಳಕವಟಗಿಯಲ್ಲಿ. ಒಂದು ರಜೆಯ ದಿನ ತಿಕೋಟಾ ಮೇಲಿಂದ ಬಸ್ಸು ಹಿಡಿದು ಹೋದೆ. ಅವಳು ಪಡಸಾಲೆಯಲ್ಲಿ ತೊಗರಿ ಒಡೆಯುತ್ತಿದ್ದಳು, ಅದೇ ಥರದ ಕಲ್ಲು. ಎರಡು ಸಾಲು ಅನ್ನುವಷ್ಟರಲ್ಲಿ ಮುಖ ಅರಳಿತು.

"ಇದು ಹೊನವಾಡದ ಪದ. ನಿಮ್ಮವ್ವ ತವರಿಂದ ತಂದಿದ್ಲು. ಬಾ, ಕೂಡಿಲ್ಲೆ, ಗೂಟ ಹಿಡಿ."

ಎದುರು ಕೂತು ಅವಳ ಕೈ ಮೇಲೆ ಕೈ ಇಟ್ಟೆ. ಕಲ್ಲು ತಿರುಗಿತು. ನಾನು ಎರಡು ಸಾಲು ಅಂದೆ, ಎರಡನೆಯದನ್ನು ತಿರುಗಿಸಿದೆ. ಅತ್ತಿ ದನಿ ಎತ್ತಿದಳು:

ಗೂಟವ ಬಿಟ್ಟು ದಣಿವಾರ

ಮತ್ತು ಕೈ ಬಿಟ್ಟಳು.

"ಕಾಳು ತೀರಿದ ಮ್ಯಾಲೆ ಅನ್ನೂದಿದು" ಎಂದಳು. "ಕಡೀ ಹಿಡಿ ಹಾಕಿ, ಒಬ್ಬಾಕಿ ಎರಡು ಸಾಲು ಅಂದ್ರ ಇನ್ನೊಬ್ಬಾಕಿ ಮೂರನೇದು ಅಂದು ಗೂಟ ಬಿಡಬೇಕು. ಸಾಕು, ನಿನ್ನ ಕೆಲಸ ಮುಗೀತು, ದಣಿವಾರಿಸ್ಕೋ ಅಂದಂಗ. ಕಾಳು ಉಳಿದಾಗ ಇದನ್ನ ಅನಬಾರದು. ಒಮ್ಮೆ ನಾ ಅಂದಿದ್ಕ ನಿಮ್ಮವ್ವ ಬೈದಿದ್ಲು, ಇನ್ನೂ ಬೀಸೂದೈತಿ, ಯಾರು ನಿನಗ ಬಿಡಂದ್ರು ಅಂತ."

ಮೂರನೇ ಬೆಡ್ಡಿನ ಅಜ್ಜಿಯೂ ಹೊನವಾಡದವಳೇ. ಆ ರಾತ್ರಿ ಅವಳ ಮಗಳು ಇನ್ನೂ ದಾರಿಯಲ್ಲಿದ್ದಳು. ಬೆಳಗಾಗಲು ಇನ್ನೂ ಹೊತ್ತಿತ್ತು. ಇನ್ನೂ ಬೀಸೂದಿತ್ತು. ನಾನು ಹೋಗಿ ಅದನ್ನೇ ಅಂದಿದ್ದೆ, ಒಂದಲ್ಲ ಹತ್ತು ಸಲ. ಅವಳು ತನ್ನ ಪಾಲಿನ ಸಾಲು ಅಂದಳು, ನಾನು ಬಾಯಿ ಮುಚ್ಚಿಸಿದೆ, ಅವಳು ಗೂಟ ಬಿಟ್ಟಳು. ಹಾಗೇ ಆಯಿತು ಎಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಕೇಳಲು ಯಾರೂ ಇಲ್ಲ.

"ಯಾಕವಾ, ಅಳಾಕತ್ತಿ?" ಎಂದಳು ಅತ್ತಿ. "ಬಿಡು, ಪದ ಮುಗೀತಲ್ಲ."

ಪುಟ್ಟಿಯಲ್ಲಿ ಇನ್ನೂ ಎರಡು ಹಿಡಿ ತೊಗರಿ ಇತ್ತು. ನಾನು ಗೂಟ ಬಿಡಲಿಲ್ಲ. "ಕಾಳು ಹಾಕ ಅತ್ತಿ" ಎಂದೆ.