ಮೊತ್ತಕ್ಕೆ ದಕ್ಕದ ಉತ್ತರ

ಕೊಪ್ಪ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಂಸ್ಕೃತ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಹತ್ತನೆಯ ತರಗತಿಯ ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳಿವೆಯೇ ಎಂದು ನೋಡಲು ಸರ್ಕಾರಿ ಆಸ್ಪತ್ರೆಯ ವೈದ್ಯೆ ಬಂದರು. ಕಳೆದೆರಡು ವಾರಗಳ ನಿದ್ರೆ, ಹಸಿವು, ಬೇಸರಗಳ ಬಗೆಗೆ ಹಾಳೆಯಲ್ಲಿ ಪ್ರಶ್ನೆಗಳು; ‘ಇಲ್ಲ’, ‘ಕೆಲವು ದಿನ’, ‘ದಿನಾ’ ಎಂಬಂಥ ಒಂದೊಂದು ಉತ್ತರಕ್ಕೂ ಇಷ್ಟಿಷ್ಟು ಅಂಕ. ಕಡೆಯದು, ಸಾಯಬೇಕೆಂದು ಅನ್ನಿಸಿತ್ತೇ ಎಂಬುದು.

ನಮ್ಮ ಮುಖ್ಯೋಪಾಧ್ಯಾಯರು ಅದನ್ನೂ ಕಿರುಪರೀಕ್ಷೆಯೆಂದೇ ಭಾವಿಸಿ ಅಂಕ ಕೂಡಿಸಲು ಕುಳಿತರು.

“ಈ ಹುಡುಗಿಯದು ಒಟ್ಟು ಕಮ್ಮಿಯೇ ಉಂಟು. ಎಂತದೂ ತೊಂದರೆ ಇಲ್ಲ.”

“ಮೊತ್ತ ಬಿಡಿ ಸರ್. ಕಡೆಯದಕ್ಕೆ ‘ಕೆಲವು ದಿನ’ ಅಂದಿದ್ದಾಳೆ. ಇವತ್ತೇ ಮಾತಾಡಬೇಕು,” ಎಂದರು ವೈದ್ಯೆ.

“ಪರೀಕ್ಷೆ ಬಂತಲ್ಲ ಮಾರಾಯ್ರೇ, ನಂಗೂ ಹಾಗೇ ಅನ್ಸುತ್ತೆ!” ಎಂದು ಮುಖ್ಯೋಪಾಧ್ಯಾಯರು ನಕ್ಕರು.

ಆ ನಗು ನನಗೆ ಸಹಿಸಲಾಗಲಿಲ್ಲ.

ವೈದ್ಯೆ ಹುಡುಗಿಯನ್ನು ಖಾಲಿಯಿದ್ದ ಪ್ರಯೋಗಶಾಲೆಗೆ ಕರೆದೊಯ್ದರು; ಅವಳು ಒಪ್ಪಿದ್ದರಿಂದ ನಾನೂ ಜೊತೆಗಿದ್ದೆ. ಮಾತು ತಮ್ಮಲ್ಲೇ ಇರುತ್ತದೆ, ಆದರೆ ಜೀವಕ್ಕೆ ಅಪಾಯವೆನಿಸಿದರೆ ಮನೆಯವರಿಗೆ ತಿಳಿಸಲೇಬೇಕು ಎಂದು ಮೊದಲೇ ಹೇಳಿ, ನೇರವಾಗಿ ಕೇಳಿದರು. ಹುಡುಗಿ ಮೊದಲು ಪ್ರಯತ್ನಿಸಿರಲಿಲ್ಲ, ಈಗಲೇ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆದರೆ ಹೇಗೆಂದು ಯೋಚಿಸಿದ್ದಳು, ಅದಕ್ಕೆ ಬೇಕಾದ ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲೇ ಇತ್ತು. ಒಂಟಿಯಾಗಿ ಬಿಡುವಂತಿಲ್ಲವೆಂದು ವೈದ್ಯೆ ತಂದೆಯನ್ನು ಕರೆಸಿದರು.

ವೈದ್ಯೆ ಕೇಳಿದ ಪ್ರಶ್ನೆ ತಿಳಿದು ತಂದೆ ಕಿವಿ ಮುಚ್ಚಿಕೊಂಡ. “ಶಾಂತಂ ಪಾಪಂ! ಅಂಥ ಮಾತು ಕೇಳ್ತಾರಾ ಮೇಷ್ಟ್ರೇ? ಅಸ್ತು ದೇವತೆಗಳು ಅಸ್ತು ಅಂದ್ರೆ?”

ಮೂರು ಹೊತ್ತು ಸಂಧ್ಯಾವಂದನೆ ತಪ್ಪಿಸದ ನನಗೂ ರೇಗಿತು. “ದೇವತೆಗಳಿಗೆ ಅಷ್ಟೂ ಬುದ್ಧಿ ಇಲ್ವೇನೋ? ಡಾಕ್ಟ್ರು ಪ್ರಶ್ನೆ ಕೇಳಿದ್ದು, ವರ ಕೇಳಿದ್ದಲ್ಲ.”

“ಕೇಳೋದ್ರಿಂದ ಆ ಯೋಚನೆ ಹುಟ್ಟೋದಿಲ್ಲ,” ಎಂದರು ವೈದ್ಯೆ. “ಹೇಳ್ಕೊಳ್ಳೋಕೆ ದಾರಿ ಸಿಗುತ್ತೆ.”

“ಹಾಗಾದ್ರೆ ಶುಕ್ರವಾರ ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳಿಸ್ತೆ, ದೇವಿ ಅಪ್ಪಣೆ ಆದ ಹಾಗೆ ಮಾಡುವ.”

“ಅಮ್ಮನವರು ಶುಕ್ರವಾರದವರೆಗೆ ಕಾಯ್ತಾರೆ ಮಾರಾಯ. ಮಗಳು?” ಎಂದೆ.

ಮನಸ್ಸು ಕುಗ್ಗುವಾಗ ಮೊದಲು ಕಾಣುವ ಗುರುತೇನು, ಆಗ ಏನು ಮಾಡಿದರೆ ಹಗುರವೆನಿಸುತ್ತದೆ, ಯಾರನ್ನು ಕರೆಯುತ್ತಾಳೆ ಎಂದು ವೈದ್ಯೆ ಹುಡುಗಿಯ ಬಾಯಿಂದಲೇ ಹೇಳಿಸಿದರು. ಕರೆಯುವುದು ಪಕ್ಕದ ಮನೆಯ ಅತ್ತೆಯನ್ನು. ರಾತ್ರಿ ಜೊತೆಗೆ ಮಲಗುವವಳೂ ಅವಳೇ. ಔಷಧಿ ಇವತ್ತೇ ಮನೆ ಬಿಡಬೇಕು. ಬೆಳಿಗ್ಗೆ ಶಿವಮೊಗ್ಗದ ಮನೋವೈದ್ಯರಲ್ಲಿಗೆ. ಅದಕ್ಕೆ ಮೊದಲೇ ಆ ಯೋಚನೆ ಹೆಚ್ಚಾದರೆ ನೇರ ಆಸ್ಪತ್ರೆಗೆ.

ತಂದೆ ಹೊರಡುವಾಗಲೂ ಗೊಣಗಿದ: “ಒಂದು ಬಾಟಲಿ ಅಲ್ವಾ, ಕೊಟ್ಟಿಗೆ ಅಟ್ಟದ ಮೇಲೆ ಇಡ್ತೆ.”

ಹುಡುಗಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಅವನ ಮುಖ ನೋಡಿದಳು. “ಅಟ್ಟದ ಮೇಲೆ ಬೇಡ ಅಪ್ಪಯ್ಯ. ಅಲ್ಲಿ ಇನ್ನೊಂದು ಉಂಟು. ಎರಡನ್ನೂ ತಗೊಂಡು ಹೋಗು.”

ಅವನು ಮತ್ತೆ ದೇವತೆಗಳ ಸುದ್ದಿ ಎತ್ತಲಿಲ್ಲ. ಮಗಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು, ಅವಳನ್ನು ಮುಂದೆ ಬಿಟ್ಟು ನಡೆದ.