ಟವೆಲ್ ಹಾಕಿದರೆ ಸೀಟು ಆಗುವುದಿಲ್ಲ

ನಮ್ಮ ಕಡೆ ಕಂಪ್ಯೂಟರ್ ಎದುರು ಕೂತು ಪ್ಯಾನ್ ಕಾರ್ಡ್ ಕೇಳುವವರೆಲ್ಲ ಆಡಿಟ್ರು. ನಾನು ಆಡಿಟರ್ ಅಲ್ಲ, ಬರೀ ಬಿ.ಕಾಂ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನೂ ನನ್ನ ಹೆಂಡತಿಯೂ ಕೂತು ಜನರ ಟ್ಯಾಕ್ಸ್ ರಿಟರ್ನ್ ತುಂಬಿಸುತ್ತೇವೆ. ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಬಿ.ಕಾಂ. ದೊಡ್ಡದಾಗಿದೆ. ಲಾರಿಗೆ ಲೋಡ್ ಮಾಡುತ್ತಿದ್ದ ಅಪ್ಪನ ಮನೆಗೆ ಬಂದ ಮೊದಲ ಡಿಗ್ರಿ ಅದು. ಸಣ್ಣ ಅಕ್ಷರದಲ್ಲಿ ಬರೆಸಲು ನನಗೇನು ಹುಚ್ಚೇ?

ನಮ್ಮ ಗಿರಾಕಿಗಳಿಗೆಲ್ಲ ಒಂದೇ ನಂಬಿಕೆ: "ಡೇಟ್ ಮುಂದೆ ಹೋಗ್ತದೆ ಮಾರಾಯ್ರೆ." ಜುಲೈ ಪೂರ್ತಿ ಆ ನಂಬಿಕೆಯಲ್ಲಿ ಮಲಗಿ, ಮೂವತ್ತೊಂದರ ಸಂಜೆ ಕೊಡೆಯನ್ನೂ ಕಾಗದದ ಪ್ಲಾಸ್ಟಿಕ್ ಕವರನ್ನೂ ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಾರೆ. ಆ ಹೊತ್ತಿಗೆ ವೆಬ್‌ಸೈಟೂ ಸುಸ್ತಾಗಿ ಮಲಗಿರುತ್ತದೆ. ಅದಕ್ಕೆ ಆ ವರ್ಷ ಒಂದು ರೀಲ್ ಮಾಡಿ ಬಿಡೋಣ ಎಂದು ಹೊರಟೆ.

ಸ್ಕ್ರಿಪ್ಟ್ ನಾನೇ ಬರೆದೆ. "ಮಾನ್ಯ ತೆರಿಗೆದಾರರೇ, ನಿಗದಿತ ದಿನಾಂಕದೊಳಗೆ ಆದಾಯ ವಿವರಪಟ್ಟಿಯನ್ನು ಸಲ್ಲಿಸಿ, ತದನಂತರ ದೃಢೀಕರಿಸತಕ್ಕದ್ದು" ಎಂದು ಶುರು. ಓದಿ ಮುಗಿಸುವ ಮೊದಲೇ ಹೆಂಡತಿ ಫೋನ್ ಕೆಳಗಿಟ್ಟಳು. ಅವಳು ಸುಳ್ಯದವಳು, ಮುಲಾಜಿಲ್ಲ.

"ಇದು ರೀಲಾ, ಜಪ್ತಿ ನೋಟೀಸಾ? ನಿಮ್ಮ ಅಮ್ಮನಿಗೆ ಓದಿ ಹೇಳಿ ನೋಡುವ."

ಓದಿದೆ. ಅಮ್ಮ ಬೀಡಿ ಕಟ್ಟುವ ಕೈ ನಿಲ್ಲಿಸದೆ ಕೇಳಿದರು, "ಯಾರು ತೀರಿ ಹೋದದ್ದು?"

ಆಮೇಲೆ ಕಿಟಕಿಯ ಕೆಳಗೇ ಉತ್ತರ ಸಿಕ್ಕಿತು. ಕಡಬದ ಬಸ್ಸು ಬಂದು ನಿಂತಿತು. ಜನ ಹತ್ತುವ ಮೊದಲೇ ಕಿಟಕಿಯಿಂದ ಒಳಗೆ ಟವೆಲ್, ಕರ್ಚೀಫು, ಒಬ್ಬನ ಹೆಲ್ಮೆಟ್ಟೂ ಬಿತ್ತು. ಸೀಟು ಹಿಡಿಯುವ ಈ ವಿದ್ಯೆಯನ್ನು ನಮಗೆ ಯಾವ ಕಾಲೇಜೂ ಕಲಿಸಿದ್ದಲ್ಲ. ಹೊಸ ಸ್ಕ್ರಿಪ್ಟ್ ಅಲ್ಲೇ ಹುಟ್ಟಿತು.

ಜುಲೈ ಮೂವತ್ತೊಂದು ಅಂದರೆ ಕೊನೆಯ ಬಸ್ಸು. ತಪ್ಪಿದರೆ ಡಿಸೆಂಬರ್ ಮೂವತ್ತೊಂದರ ತನಕ ಆಟೋ ಉಂಟು, ಆದರೆ ಬಾಡಿಗೆ ಬೇರೆ. ಅದೇ ಲೇಟ್ ಫೀ. ಸಂಬಳದವರು ಇನ್ನೊಂದು ಮಾತು ಕೇಳಿ: ಬಸ್ಸು ಹಳೇ ರಸ್ತೆಯಲ್ಲೂ ಹೋಗುತ್ತದೆ, ಆಟೋ ಹೋಗುವುದು ಹೊಸ ರಸ್ತೆಯಲ್ಲಿ ಮಾತ್ರ. ಮನೆ ಸಾಲದ ಬಡ್ಡಿ, ಎಲ್ಐಸಿ ಎಲ್ಲ ಲೆಕ್ಕಕ್ಕೆ ಹಿಡಿಯುವ ಹಳೇ ಪದ್ಧತಿ ಬೇಕಾದರೆ ಬಸ್ಸಿಗೇ ಬರಬೇಕು. ಕೊನೆಗೆ, ರಿಟರ್ನ್ ಸಲ್ಲಿಸುವುದು ಅಂದರೆ ಟವೆಲ್ ಹಾಕಿದ ಹಾಗೆ. ಮೂವತ್ತು ದಿನದೊಳಗೆ ಒಟಿಪಿ ಕೊಟ್ಟು 'ಇದು ನನ್ನದೇ' ಎಂದು ಖಾತ್ರಿ ಮಾಡಬೇಕು. ಅದು ಹತ್ತಿ ಕೂತ ಹಾಗೆ. ಕೂರದಿದ್ದರೆ ಟವೆಲ್ ತೆಗೆದು ಬಿಸಾಡುತ್ತಾರೆ.

ಟವೆಲ್ ಹಾಕಲು ಒಬ್ಬರು ಬೇಕಿತ್ತು. ಆಗ ಬಂದವರು ಕಡಬ ಕಡೆಯ ಒಂದು ಅನುದಾನಿತ ಹೈಸ್ಕೂಲಿನ ಟೀಚರ್, ಮನೆ ಕೋಡಿಂಬಾಳದಲ್ಲಿ. ಗಂಡ ಗಲ್ಫಿನಲ್ಲಿ, ಮನೆ ಸಾಲದ ಕಂತು ಕಟ್ಟುವುದು ಇವರು. ಯಾವ ಪದ್ಧತಿ ಬೇಕೆಂದು ಶಾಲೆಗೆ ತಿಳಿಸದೆ ಇದ್ದದ್ದರಿಂದ ಹೊಸ ಪದ್ಧತಿಯಲ್ಲೇ ಸಂಬಳದಿಂದ ತೆರಿಗೆ ಹಿಡಿದಿದ್ದರು. ಹಳೇ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಹಿಡಿದದ್ದೆಲ್ಲ ವಾಪಸ್ ಬರಬೇಕು. ಆ ಹಣ ಬಂದರೆ ಅಂಗಳದ ಬದಿಯ ಕುಸಿದ ಮಣ್ಣಿನ ಧರೆಗೆ ಆಸರೆಯಾಗಿ ಕಲ್ಲು ಕಟ್ಟಿಸುವುದೆಂದು ಮೇಸ್ತ್ರಿಗೂ ಹೇಳಿಟ್ಟಿದ್ದರು.

"ಟೀಚರೇ, ಒಂದು ಆ್ಯಕ್ಟಿಂಗ್ ಉಂಟು."

"ಎಂತ ಸಂಬಳ ಕೊಡ್ತೀರಿ? ಅದಕ್ಕೂ ಟ್ಯಾಕ್ಸ್ ಹಿಡೀತೀರಾ?"

ನಿಂತ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು, ಕ್ಯಾಮೆರಾಕ್ಕೆ ತಿರುಗಿ, ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿಗೆ ಹೇಳುವ ಧ್ವನಿಯಲ್ಲಿ ಅವರು ಹೇಳಿದರು: "ಟವೆಲ್ ಹಾಕಿ ಚಾ ಕುಡಿಯಲಿಕ್ಕೆ ಹೋಗುದಲ್ಲ. ಹತ್ತಿ ಕೂತ್ಕೊಳ್ಳಿ!" ಒಂದೇ ಟೇಕ್. ಕಂಡಕ್ಟರ್ ಮಾತ್ರ, ಶೂಟಿಂಗ್ ಆಗಲಿ ಮದುವೆ ಆಗಲಿ, ಹತ್ತಿದವರು ಟಿಕೆಟ್ ತೆಗೆಯಬೇಕೆಂದು ಹಟ ಹಿಡಿದ.

ಅದೇ ದಿನ ಅವರ ರಿಟರ್ನೂ ಸಲ್ಲಿಸಿದೆವು. ಒಟಿಪಿ ಬರಲಿಲ್ಲ. ಆಧಾರಿಗೆ ಜೋಡಿಸಿದ್ದು ಗಂಡನ ಹಳೇ ನಂಬರು.

"ಆ ಸಿಮ್ ಮನೆಯಲ್ಲಿ ಉಂಟು ಸರ್, ನಾಳೆ ಹಾಕಿ ನೋಡ್ತೇನೆ" ಎಂದು ಬಸ್ಸಿಗೆ ಓಡಿದರು.

ರೀಲ್ ಓಡಿತು. ಅರ್ಧ ಕಮೆಂಟು ಕಡಬಕ್ಕೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ್ದು. ಸಂಪಾಜೆಯ ಒಬ್ಬರು ಅಲ್ಲಿಗೂ ಒಂದು ಬಸ್ಸು ಹಾಕಿಸಿ ಎಂದು ಮನವಿಯನ್ನೇ ಬರೆದರು. ಆದರೂ ಆ ವರ್ಷ ಜನ ಬೇಗ ಬಂದರು, ಡೇಟೂ ಮುಂದೆ ಹೋಗಲಿಲ್ಲ. ಮರುವರ್ಷ ಸರ್ಕಾರ ನಿಜವಾಗಿಯೇ ಮುಂದೆ ಹಾಕಿ ನನ್ನ ಮಾನ ತೆಗೆದದ್ದು ಬೇರೆ ಕತೆ.

ಆಗಸ್ಟ್ ಅರ್ಧ ಕಳೆದಿತ್ತು. ಟೀಚರ್ ಫೋನ್ ಮಾಡಿದರು. ಸ್ವರದಲ್ಲಿ ತಮಾಷೆ ಇರಲಿಲ್ಲ.

"ಸರ್, ನಾನು ಕೂತಿದ್ದೇನಾ?"

"ಎಂತ ಟೀಚರೇ?"

"ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಹೇಳ್ತಾ ಇದ್ದೆ. ಹಿಂದಿ ಮಾಷ್ಟ್ರು ಕೇಳಿದ್ರು, ನೀವು ಕೂತ್ರಾ ಅಂತ. ನಾನು ಟವೆಲ್ ಹಾಕಿದ್ದು ಮಾತ್ರ ಅಲ್ವಾ?"

ಹೆಂಡತಿ ಪೋರ್ಟಲ್ ತೆರೆದಳು. ಖಾತ್ರಿ ಆಗಿಲ್ಲ. ಜುಲೈಯ ಗದ್ದಲದಲ್ಲಿ ನಾವು ಮೂವರೂ ಅದನ್ನು ಮರೆತಿದ್ದೆವು. ಮೂವತ್ತು ದಿನ ತುಂಬಲು ಇನ್ನು ಕೆಲವೇ ದಿನ. ದಾಟಿದರೆ, ಖಾತ್ರಿ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನ ಎಂದು ಲೆಕ್ಕ. ಅಂದರೆ ಜುಲೈ ಕಳೆದ ಮೇಲೆ, ಅಂದರೆ ಆಟೋ. ಹಳೇ ಪದ್ಧತಿ ಹೋಯಿತು, ವಾಪಸ್ ಬರಬೇಕಾದ ತೆರಿಗೆಯೂ ಹೋಯಿತು. ಕಲ್ಲು ಕಟ್ಟುವುದು ಬಿಡಿ, ಲೇಟ್ ಫೀಯನ್ನೂ ಕಟ್ಟಬೇಕು.

"ಆ ಸಿಮ್?"

"ರೀಚಾರ್ಜ್ ಇಲ್ಲದೆ ಯಾವಾಗಲೋ ಸತ್ತಿದೆ ಸರ್. ಬ್ಯಾಂಕಿನ ಮೂಲಕ ಖಾತ್ರಿ ಮಾಡುವ ಅಂದ್ರೆ ಅಲ್ಲಿಗೂ ಅದೇ ನಂಬರ್ ಕೊಟ್ಟದ್ದು. ಇವರ ಹತ್ರ ಕೇಳಿದ್ರೆ, ಡೇಟ್ ಮುಂದೆ ಹೋಗ್ತದೆ ಅಂತಾರೆ."

"ಗಲ್ಫಿನಲ್ಲಿಯೂ ಅದೇ ರೋಗವಾ!" ಎಂದಳು ನನ್ನ ಹೆಂಡತಿ.

ಆಧಾರಿನ ನಂಬರ್ ಬದಲಾಯಿಸಿಕೊಂಡು ಬರುವಷ್ಟು ಹೊತ್ತಿಲ್ಲ. ಉಳಿದದ್ದು ಎಲ್ಲರೂ ಮರೆತ ದಾರಿ: ಸಲ್ಲಿಕೆಯ ಒಂದು ಪುಟದ ರಶೀದಿ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಹಾಕಿ, ಬೆಂಗಳೂರಿನ ತೆರಿಗೆ ಕಚೇರಿಗೆ ಅಂಚೆಯಲ್ಲಿ ಕಳಿಸುವುದು. ಅದು ದಿನ ತುಂಬುವ ಮೊದಲು ಅಲ್ಲಿಗೆ ಮುಟ್ಟಬೇಕು; ಇಲ್ಲಿ ಹಾಕಿದ ತಾರೀಕಿಗೆ ಬೆಲೆ ಇಲ್ಲ.

ಟೀಚರ್ ಅರ್ಧ ದಿನ ರಜೆ ಹಾಕಿ, ಜಡಿಮಳೆಯಲ್ಲಿ ಬಂದರು. ಸಹಿ ಹಾಕಿಸಿ ಅಂಚೆ ಕಚೇರಿಗೆ ಹೊರಟಾಗ, ಕಾಗದ ಒದ್ದೆಯಾಗಬಾರದೆಂದು ಹೆಂಡತಿ ಕೊಡೆಯನ್ನು ಕವರಿಗೆ ಹಿಡಿದಳು, ನಮಗಲ್ಲ. ಸ್ಪೀಡ್ ಪೋಸ್ಟ್ ಕೌಂಟರಿನವರು ಟೀಚರ ಮುಖ ನೋಡಿದರು.

"ನೀವು ಟವೆಲ್‌ನ ಟೀಚರಲ್ವಾ?"

"ಹೌದು ಮಾರಾಯ್ರೆ. ಈಗ ಕೂರ್ಲಿಕ್ಕೆ ಬಂದದ್ದು."

ಆಮೇಲಿನ ದಿನಗಳಲ್ಲಿ ನಾನು ಪೋರ್ಟಲ್ ತೆರೆದಷ್ಟು ಸಲ ಬಿ.ಕಾಂ. ರಿಸಲ್ಟನ್ನೂ ತೆರೆದಿರಲಿಲ್ಲ. ಲಕೋಟೆ ಬೆಂಗಳೂರು ಮುಟ್ಟಿದೆ ಎಂದು ಅಂಚೆಯ ವೆಬ್‌ಸೈಟು ತೋರಿಸಿತು. ಪೋರ್ಟಲ್ ಮಾತ್ರ ಮೌನ. ಕೊನೆಗೆ ಒಂದು ಸಂಜೆ ಮೆಸೇಜು ಬಂತು, ನನ್ನ ಫೋನಿಗೆ. ಪೋರ್ಟಲಿನಲ್ಲಿ ಕೊಟ್ಟದ್ದು ಆಫೀಸಿನ ನಂಬರು. ಸಹಿ ಸಿಕ್ಕಿದೆ, ಖಾತ್ರಿಯಾಗಿದೆ, ಮೂವತ್ತು ದಿನದೊಳಗೇ.

ಕೂಡಲೇ ಫೋನ್ ಮಾಡಿದೆ. ಆ ಕಡೆ ಬಸ್ಸಿನ ಸದ್ದು.

"ಟೀಚರೇ, ಕೂತಾಯ್ತು!"

"ಎಲ್ಲಿ ಸರ್? ಉಪ್ಪಿನಂಗಡಿಯಿಂದ ನಿಂತೇ ಬರ್ತಾ ಇದ್ದೇನೆ" ಎಂದರು. ಮರುಕ್ಷಣ ಸ್ವರ ಏರಿತು. "ಓ, ಅದಾ? ನಿಜವಾಗಿಯೂ? ಹಾಗಾದ್ರೆ ಮೇಸ್ತ್ರಿಗೆ ಕಲ್ಲು ತರಲಿಕ್ಕೆ ಹೇಳ್ತೇನೆ. ಅವನೂ ಡೇಟ್ ಮುಂದೆ ಹಾಕ್ತಾ ಇದ್ದಾನೆ."